ಜೂನ್ ಒಂದು

ಪೆನ್ಶನ್ ಪೋರ್ಟಲ್ಲಿನಲ್ಲಿ ನಾಲ್ಕನೇ ಸಲವೂ ಪಾಸ್‌ವರ್ಡ್ ತಪ್ಪು ಅಂತ ಕೆಂಪಕ್ಷರ ಬಂತು. ಐದನೇ ಸಲಕ್ಕೆ ಖಾತೆಯೇ ಲಾಕ್. ಶಿರಸಿಯ ಮನೆಯ ಜಗಲಿಯಲ್ಲಿ ಕೂತಿದ್ದ ಕಮಲಾಕ್ಷಿ ಅಕ್ಕೋರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. ತುಟ್ಟಿಭತ್ಯೆಯ ಬಾಕಿ ಬಂತೋ ಇಲ್ಲವೋ ಅಂತ ನೋಡಬೇಕಿತ್ತು, ಅಷ್ಟೇ. ಮೊದಲಾದರೆ ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಎಂಟ್ರಿ ಹಾಕಿಸಿದರೆ ಮುಗೀತಿತ್ತು. ಈಗ ಯಾವ ಲೆಕ್ಕಕ್ಕೆ ಎಷ್ಟು ಅಂತ ತಿಳೀಬೇಕಾದರೆ ಪೋರ್ಟಲ್ಲೇ ಗತಿ.

ಮೊಮ್ಮಗನಿಗೆ ಫೋನ್ ಮಾಡಿದರು. ಪ್ರಣವ ಹುಬ್ಬಳ್ಳಿಯಲ್ಲಿ ಆಫೀಸಿನಿಂದ ಆಗಷ್ಟೇ ರೂಮಿಗೆ ಬಂದಿದ್ದ.

"ಲಾಕ್ ಆದರೆ ಏನೂ ಆಗಲ್ಲ ಅಜ್ಜಿ. ದುಡ್ಡು ಎಲ್ಲೂ ಹೋಗಲ್ಲ. ಲ್ಯಾಪ್‌ಟಾಪ್ ಮುಂದಿದೆ ಅಲ್ವಾ? ಫೋನ್ ಸ್ಪೀಕರಿಗೆ ಹಾಕಿ ಪಕ್ಕದಲ್ಲಿಡು. ಕೆಳಗೆ Forgot Password ಅಂತ ಇದೆ ನೋಡು."

"ಮರೆತಿಲ್ಲ ಮಾರಾಯ, ಅದಕ್ಕೇ ಒಪ್ಪಿಗೆಯಿಲ್ಲ."

"ಹೌದು, ತಪ್ಪೆಲ್ಲ ಅದರದ್ದೇ. ಆದರೂ ಅದನ್ನೇ ಒತ್ತು."

ಪೆನ್ಶನ್ ಆದೇಶದ ಪಿಪಿಒ ನಂಬರ್ ಅವರಿಗೆ ಬಾಯಿಪಾಠ. ತಡಕಾಟ ಶುರುವಾದದ್ದು ಅದರ ಕೆಳಗಿನ ಡೊಂಕು ಅಕ್ಷರಗಳಲ್ಲಿ.

"ಇದು ಓ ನೋ ಸೊನ್ನೆಯೋ? ಮೇಲೆ ಗೀಟು ಬೇರೆ ಎಳೆದಿದ್ದಾರೆ. ಈ ಥರ ಬರೆದವರಿಗೆ ನಾನು ಹತ್ತು ಸಲ ಕಾಪಿ ಬರೆಸ್ತಿದ್ದೆ."

"ಪಕ್ಕದಲ್ಲಿ ಒಂದು ಸುತ್ತು ಬಾಣ ಇರುತ್ತೆ. ಅದನ್ನು ಒತ್ತಿದರೆ ಬೇರೆ ಬರುತ್ತೆ."

ಮೂರನೆಯದು ಓದುವ ಹಾಗಿತ್ತು.

"ಈಗ ನೀನು ಹುಟ್ಟಿದ ದಿನ ಹಾಕು. ಮೊದಲು ದಿನ, ಆಮೇಲೆ ತಿಂಗಳು, ಆಮೇಲೆ ವರ್ಷ."

ಒಂದೊಂದೇ ಕೀಲಿ ಹುಡುಕಿ ಒತ್ತುವ ಟಕ್ ಟಕ್ ಸದ್ದು ಪ್ರಣವನಿಗೆ ಕೇಳಿಸುತ್ತಿತ್ತು. ಆಮೇಲೆ ಸುಮ್ಮನಾಯಿತು.

"ಹೊಂದಾಣಿಕೆ ಆಗ್ತಿಲ್ಲ ಅಂತಿದೆ."

"ಏನು ಹಾಕಿದೆ?"

"ಆಗಸ್ಟ್. ನಿಮ್ಮಪ್ಪ ಹಳೇ ಪಂಚಾಂಗ ನೋಡಿ ಹೇಳಿದ್ದನಲ್ಲ, ಅದೇ ತಾರೀಕು. ಗೋಕುಲಾಷ್ಟಮಿ."

ಪ್ರಣವ ನಗಲಿಲ್ಲ. ಪ್ರತಿವರ್ಷ ಅಷ್ಟಮಿಗೆ ಅಜ್ಜಿಗೆ ಪಾಯಸ ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತು. "ಅಜ್ಜಿ, ಪಿಪಿಒ ಪುಸ್ತಕ ತೆಗೆದು ನೋಡು. ಅದರಲ್ಲಿ ಏನಿದೆ?"

ಅಕ್ಕೋರಿಗೆ ನೋಡಬೇಕಾಗಿಯೇ ಇರಲಿಲ್ಲ. "01-06-1951," ಅಂದರು. "ನೀನು ಹುಟ್ಟಿದ ದಿನ ಅಂದ್ಯಲ್ಲ, ಅದಕ್ಕೆ ಹುಟ್ಟಿದ ದಿನವೇ ಹಾಕಿದೆ."

"ಈಗ ತಪ್ಪು ನಂದು. ಸರ್ಕಾರದಲ್ಲಿ ಹುಟ್ಟಿದ ದಿನ ಅಂತ ಹೇಳಬೇಕಿತ್ತು."

ಅಕ್ಕೋರು ಕೀಬೋರ್ಡಿನಿಂದ ಕೈ ತೆಗೆದರು. "ಒಂದನೇ ಕ್ಲಾಸಿಗೆ ವಯಸ್ಸು ಸಾಲಲಿ ಅಂತ ನಮ್ಮ ಮಾಸ್ತರು ಬರೆದದ್ದು. ಅವರನ್ನು ಯಾಕೆ ಬೈಯ್ಲಿ, ನಾನೂ ಎಷ್ಟು ಮಕ್ಕಳಿಗೆ ಹಾಗೇ ಬರೆದಿದ್ದೇನೋ. ತಂದೆಯನ್ನು ಕೇಳಿದರೆ 'ದೊಡ್ಡ ಮಳೆ ಬಂದ ವರ್ಷ, ಗದ್ದೆ ನಾಟಿ ಟೈಮು' ಅನ್ನೋರು. ಬರೆ ಜೂನ್ ಒಂದು. ಅದರಿಂದ ನಂಗೆ ಏನಾಯ್ತು ಗೊತ್ತಾ? 2011ರ ಮೇ 31ಕ್ಕೇ ಮನೆಗೆ ಕಳಿಸಿದ್ರು. ಆಗಸ್ಟ್ ಅಂತಿದ್ದರೆ ಇನ್ನೂ ಮೂರು ತಿಂಗಳ ಸಂಬಳ."

"ಬಡ್ಡಿ ಸಮೇತ ಕೇಳೋಣ. ಮೊದಲು ಒಳಗೆ ಹೋಗೋಣ."

ಜೂನ್ ಒಂದು ಹಾಕಿದ್ದೇ ತಡ, ಫೋನ್ ಟಿಂಗ್ ಅಂತು.

"ಓಟಿಪಿ ಬಂತು. ಆದರೆ ನೋಡೋಕೆ ಹೋದರೆ ನೀನು ಕಟ್ ಆಗ್ತೀಯ."

"ಆಗಲ್ಲ. ಮೇಲಿನ ಅಂಚಿಂದ ಬೆರಳು ಕೆಳಗೆ ಎಳಿ. ಕಾಣ್ತಾ?"

"ಕಾಣ್ತು. ನಾಲ್ಕು, ಏಳು..." ಅಷ್ಟಕ್ಕೇ ನಿಲ್ಲಿಸಿದರು. "ಯಾರಿಗೂ ಹೇಳಬೇಡ ಅಂತ ನೀನೇ ಅಂದಿದ್ದೆ."

"ನನಗೂ ಹೇಳಬೇಡ. ನೀನೇ ಹಾಕು."

ಹಾಕುವಷ್ಟರಲ್ಲಿ ಟೈಮ್ ಮುಗಿದಿತ್ತು. ಮತ್ತೆ ಕಳಿಸು ಅನ್ನೋದನ್ನು ಒತ್ತಿಸಿದ. ಈ ಸಲ ಅಕ್ಕೋರು ಹಾಲಿನ ಲೆಕ್ಕದ ನೋಟ್‌ಬುಕ್ಕಿನ ಹಿಂದೆ ಆರೂ ಅಂಕಿ ಬರೆದುಕೊಂಡು, ನೋಡಿ ನೋಡಿ ಒತ್ತಿದರು. ಹಸಿರು ಟಿಕ್ ಬಂತು.

"ಈಗ ಹೊಸ ಪಾಸ್‌ವರ್ಡ್. ಒಂದು ದೊಡ್ಡ ಅಕ್ಷರ, ಒಂದು ಅಂಕಿ, ಒಂದು ಚಿಹ್ನೆ ಇರಬೇಕು. ನಿನಗೆ ಮರೆಯಬಾರದು, ಬೇರೆಯವರಿಗೆ ಹೊಳೆಯಬಾರದು. ಹುಟ್ಟಿದ ತಾರೀಕು ಮಾತ್ರ ಬೇಡ, ಅದು ಎಲ್ಲಾ ಕಾಗದದಲ್ಲೂ ಇರುತ್ತೆ."

"ಎಲ್ಲಾ ಕಾಗದದಲ್ಲೂ?"

"ಹೂಂ."

ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ಟಕ್ ಟಕ್ ಸದ್ದು, ಈ ಸಲ ಎಲ್ಲೂ ತಡವರಿಸದೆ. ಎರಡನೇ ಬಾಕ್ಸಿನಲ್ಲೂ ಅದೇ ವೇಗ.

"ತಗೊಂಡ್ತು," ಅಂದರು ಅಕ್ಕೋರು. ಪ್ರಣವ ಏನು ಹಾಕಿದೆ ಅಂತ ಕೇಳಲಿಲ್ಲ.

ತುಟ್ಟಿಭತ್ಯೆಯ ಬಾಕಿ ಬಂದಿರಲಿಲ್ಲ. "ಮುಂದಿನ ತಿಂಗಳು ನೋಡೋಣ ಬಿಡು," ಅಂತ ಅವರು ಲಾಗೌಟ್ ಮಾಡಿದರು. ಆಮೇಲೆ ಏನು ತೋಚಿತೋ, ಸುಮ್ನೆ ಇನ್ನೊಂದು ಸಲ ಒಳಗೆ ಹೋಗಿ ಬಂದರು.

"ಅಷ್ಟಮಿಗೆ ಬರ್ತೀಯಲ್ಲ?" ಅಂತ ಕೇಳಿದರು.