ಎಣಿಕೆ ಮರೆತ ದೆವ್ವ

(4ರಿಂದ 6 ವರ್ಷದ ಮಕ್ಕಳಿಗೆ ಗಟ್ಟಿಯಾಗಿ ಓದಲು. ಹಳೇ ಕಥೆಯಲ್ಲಿ ದೆವ್ವ ಮೆಟ್ಟಿಲು ಎಣಿಸುತ್ತ ಬಂದು, ಹತ್ತನೆಯದಕ್ಕೆ ಮಗುವಿನ ಕಾಲು ಹಿಡಿದು ಎಳೆಯುತ್ತದೆ. ಇಲ್ಲಿ ಎಣಿಕೆ ಉಳಿದಿದೆ, ಎಳೆದಾಟ ಹೋಗಿದೆ. ಓದುವವರು ತಮಾಷೆಗೂ ಮಕ್ಕಳ ಕಾಲು ಮುಟ್ಟಬಾರದು. ಮುಟ್ಟಿದರೆ ಹಳೇ ಕಥೆಯನ್ನೇ ಹೇಳಿದ ಹಾಗೆ.)

ಪುಟ್ಟಿ ಮಲಗುವ ಕೋಣೆ ಮಹಡಿಯ ಮೇಲಿತ್ತು. ಪಕ್ಕದ ಮಂಚದಲ್ಲಿ ಅಜ್ಜಿ ಗೊರ್ ಗೊರ್ ಎಂದು ಗೊರಕೆ ಹೊಡೆಯುತ್ತಿದ್ದರು. ಮೂಲೆಯಲ್ಲಿ ಸಣ್ಣ ದೀಪ. ಬಾಗಿಲಾಚೆ ಹತ್ತು ಮರದ ಮೆಟ್ಟಿಲು.

ಒಂದು ರಾತ್ರಿ...

ಕಿರ್ರ್. "ಒಂದು..."

ಕಿರ್ರ್. "ಎರಡು..."

(ದನಿ ತಗ್ಗಿಸಿ, ಆದರೆ ಕರ್ಕಶ ಬೇಡ. ನೆಗಡಿಯಾದವರ ಹಾಗೆ ಮೂಗಿನಲ್ಲಿ ಹೇಳಿದರೆ ಸಾಕು.)

ಪುಟ್ಟಿ ಹೊದಿಕೆಯನ್ನು ಮೂಗಿನವರೆಗೆ ಎಳೆದುಕೊಂಡಳು.

"ಮೂರು... ನಾಲ್ಕು... ಐದು... ಆರು..."

ಸದ್ದು ನಿಂತಿತು.

"ಆರು... ಆರು ಆದಮೇಲೆ... ಒಂಬತ್ತಾ? ಅಲ್ಲ. ಅಯ್ಯೋ!"

ದಡ ದಡ ದಡ! ಯಾರೋ ಕೆಳಗಿಳಿದು ಹೋದರು.

ಕಿರ್ರ್. "ಒಂದು..."

ಮತ್ತೆ ಆರು. ಮತ್ತೆ "ಅಯ್ಯೋ!" ಮತ್ತೆ ದಡ ದಡ ದಡ.

ಮೂರನೇ ಸಲ ಹೊದಿಕೆ ಗಲ್ಲಕ್ಕಿಳಿದಿತ್ತು. "ಆರು..." ಎನ್ನುವಷ್ಟರಲ್ಲಿ ಪುಟ್ಟಿಗೆ ತಡೆಯಲಾಗಲಿಲ್ಲ.

(ಇಲ್ಲಿ ನಿಲ್ಲಿಸಿ. ಮಕ್ಕಳೇ ಕೂಗುತ್ತಾರೆ.)

"ಏಳು!"

"ಅಮ್ಮಾ! ಯಾರದು?"

"ನಾನು ಪುಟ್ಟಿ. ನೀನ್ಯಾರು?"

"ದೆವ್ವ. ಹೆದರಿಕೆ ಆಯ್ತಾ?"

"ಸ್ವಲ್ಪ ಆಯ್ತು."

"ನನಗೂ ಆಯ್ತು. ಹಾಗೆ ಕೂಗ್ತಾರಾ?"

ಕಿರ್ರ್, ಏಳು. ಕಿರ್ರ್, ಎಂಟು. ಒಂಬತ್ತು. ಹತ್ತು. ಬಾಗಿಲ ಸಂದಿಯಲ್ಲಿ ಏನೋ ಬೆಳ್ಳಗೆ ಕಂಡಿತು. ದಿಂಬಿನಷ್ಟೇ ಎತ್ತರ.

"ಒಳಗೆ ಬರಲಾ?"

ಪುಟ್ಟಿ ಯೋಚಿಸಿದಳು. "ಬೇಡ."

"ಸರಿ," ಎಂದಿತು ದೆವ್ವ.

(ತಕ್ಷಣ ಹೇಳಿ. ದೆವ್ವ ಚೌಕಾಸಿ ಮಾಡಿದರೆ ಮಕ್ಕಳಿಗೆ ಮತ್ತೆ ಭಯ.)

"ಮತ್ತೆ ಮೇಲೆ ಯಾಕೆ ಬಂದೆ?"

"ಈ ಮೆಟ್ಟಿಲ ತುದಿಯಲ್ಲಿ ಕಿಟಕಿ ಇದೆಯಲ್ಲ, ಅಲ್ಲಿಂದ ಚಂದ್ರ ಕಾಣ್ತಾನೆ. ಕೆಳಗೆ ಮರ ಅಡ್ಡ."

ಚಂದ್ರನನ್ನು ನೋಡಿ ನೋಡಿ ದೆವ್ವಕ್ಕೆ ಆಕಳಿಕೆ ಬಂತು. ಪುಟ್ಟಿಗೂ ಬಂತು.

"ಹೋಗಿ ಬರ್ತೀನಿ ಪುಟ್ಟಿ."

"ಹ್ಞೂಂ..." ಅವಳ ಕಣ್ಣು ಮುಚ್ಚಿಹೋಯಿತು.

ಕಿರ್ರ್. "ಹತ್ತು... ಒಂಬತ್ತು... ಎಂಟು... ಏಳು!... ಆರು... ಐದು... ನಾಲ್ಕು..."

ಸದ್ದು ನಿಂತಿತು.

"ನಾಲ್ಕು... ಪುಟ್ಟೀ, ನಾಲ್ಕರ ಕೆಳಗೆ ಏನು?"

ಪುಟ್ಟಿಗೆ ನಿದ್ದೆ ಬಂದಿತ್ತು. ಗೊರಕೆ ನಿಂತಿತು. ಕಣ್ಣು ತೆರೆಯದೆಯೇ ಅಜ್ಜಿ ಹೇಳಿದರು:

"ಮೂರು. ಈಗ ಹೋಗಿ ಮಲಗು ಮರಿ."