ಹೆವಿ ಪ್ರೆಸ್ ಜೊತೆಗೆ ರಿಯರ್ ಡೆಲ್ಟ್, ನಡುಬೆನ್ನು: ನಿಮ್ಮ 8 ವಾರಗಳ ಪ್ಲಾನ್

ನೀವು ಕಳಿಸಿದ ವರ್ಕೌಟ್ ಡೈರಿ ಪೂರ್ತಿ ಓದಿದೆ, ಪಕ್ಕದಿಂದ ತೆಗೆದ ಫೋಟೊಗಳನ್ನೂ ನೋಡಿದೆ. 85 ಕೆಜಿ ಬೆಂಚ್ ಪ್ರೆಸ್‌ನಲ್ಲಿ 5 ರೆಪ್ ಒಳ್ಳೆಯ ಬಲವೇ. ಅದನ್ನು ಬಿಟ್ಟುಕೊಡುವ ಮಾತೇ ಇಲ್ಲ. ಆದರೆ ಡೈರಿಯಲ್ಲಿ ವಾರಕ್ಕೆ ತಳ್ಳುವ ಸೆಟ್ 21, ಎಳೆಯುವ ಸೆಟ್ ಬರೀ 9. ಆ 9ರಲ್ಲೂ 6 ಲ್ಯಾಟ್ ಪುಲ್‌ಡೌನ್. ನೀವು ಇದನ್ನು 'ಬ್ಯಾಕ್ ವರ್ಕ್' ಅಂತ ಬರೆದಿದ್ದೀರಿ, ಆದರೆ ನಿಮ್ಮ ಮುಂದೆ ಬಾಗಿದ ಭುಜದ ತೊಂದರೆಗೆ ಅದು ಪೂರ್ತಿ ಉತ್ತರ ಅಲ್ಲ. ಲ್ಯಾಟ್ ಸ್ನಾಯು ತೋಳನ್ನು ಒಳಕ್ಕೆ ತಿರುಗಿಸುತ್ತದೆ, ಎದೆಯ ದೊಡ್ಡ ಸ್ನಾಯು ಮಾಡುವುದೂ ಅದನ್ನೇ. ನಿಮಗೆ ಕಡಿಮೆ ಬಿದ್ದಿರುವುದು ತೋಳನ್ನು ಹೊರಕ್ಕೆ ತಿರುಗಿಸುವ, ಹಿಂದಕ್ಕೆ ತೆರೆಯುವ ಕೆಲಸ. ಅದು ಭುಜದ ಹಿಂದಿನ ಸ್ನಾಯು ರಿಯರ್ ಡೆಲ್ಟ್ ಮತ್ತು ಭುಜದ ಕೀಲನ್ನು ಹಿಡಿದಿಡುವ ರೊಟೇಟರ್ ಕಫ್‌ನ ಹಿಂಭಾಗದ ಕೆಲಸ. ಹೆಗಲ ಮೂಳೆಯನ್ನು ಬೆನ್ನುಮೂಳೆಯ ಕಡೆಗೆ ಎಳೆಯುವುದು ನಡುಬೆನ್ನಿನ ಸ್ನಾಯುಗಳಾದ ನಡು ಟ್ರಾಪ್ ಮತ್ತು ರೋಂಬಾಯ್ಡ್.

ಹಾಗಾಗಿ ಮುಂದಿನ 8 ವಾರ ತಳ್ಳುವ ಸೆಟ್ 15ಕ್ಕೆ ಇಳಿಯುತ್ತವೆ, ರೋ, ರಿಯರ್ ಡೆಲ್ಟ್ ಮತ್ತು ಕೆಳಗಿನ ಟ್ರಾಪ್ ಸೆಟ್ ಸೇರಿ 20ಕ್ಕೆ ಏರುತ್ತವೆ. ಪುಲ್‌ಡೌನ್ ಈ ಲೆಕ್ಕದಿಂದ ಹೊರಗೆ. ಡಿಪ್ಸ್ ಸದ್ಯಕ್ಕೆ ಬೇಡ. ಕೆಳಗೆ ಇಳಿದಾಗ ಭುಜದ ಮುಂಭಾಗ ಚುಚ್ಚುತ್ತದೆ ಅಂತ ನೀವೇ ಎರಡು ಕಡೆ ಬರೆದಿದ್ದೀರಿ, ಅಲ್ವಾ?

ಸೋಮವಾರ: ಹೆವಿ ಬೆಂಚ್

ಬೆಂಚ್ ಪ್ರೆಸ್ 5 ಸೆಟ್, 5 ರೆಪ್. ಮೊದಲ ವಾರ 80 ಕೆಜಿಯಿಂದ ಶುರು ಮಾಡಿ.
ಚೆಸ್ಟ್ ಸಪೋರ್ಟೆಡ್ ಡಂಬೆಲ್ ರೋ 4 ಸೆಟ್, 8ರಿಂದ 10 ರೆಪ್.
ಇನ್‌ಕ್ಲೈನ್ ಡಂಬೆಲ್ ಪ್ರೆಸ್ 3 ಸೆಟ್, 8 ರೆಪ್.
ಫೇಸ್ ಪುಲ್ 3 ಸೆಟ್, 15 ರೆಪ್.

ರೋ ಎರಡನೇ ಜಾಗದಲ್ಲಿ ಇದೆ, ಗಮನಿಸಿ. ಬೇಕು ಅಂತಲೇ ಅಲ್ಲಿಟ್ಟಿದ್ದೇನೆ. ಇಷ್ಟು ದಿನ ಬೆನ್ನಿನ ಕೆಲಸ ಕೊನೆಗೆ ಬರುತ್ತಿತ್ತು, ಟೈಮ್ ಇಲ್ಲದ ದಿನ ಬಿಟ್ಟೇ ಹೋಗುತ್ತಿತ್ತು. ಇನ್ನು ಮುಂದೆ ಟೈಮ್ ಸಾಲದಿದ್ದರೆ ಇನ್‌ಕ್ಲೈನ್ ಬಿಡಿ, ರೋ ಬಿಡಬೇಡಿ.

ರೋ ಮಾಡುವಾಗ ಎಲ್ಲವೂ ನಿಂತಿರುವುದು ಮೊಣಕೈ ಮೇಲೆ. ಮೊಣಕೈ ಪಕ್ಕೆಗೆ ಅಂಟಿಕೊಂಡು ಸೊಂಟದ ಕಡೆ ಹೋದರೆ ಕೆಲಸ ಲ್ಯಾಟ್‌ಗೆ ಹೋಗುತ್ತದೆ. ಅದೇ ಮೊಣಕೈಯನ್ನು ಪಕ್ಕೆಯಿಂದ ಸುಮಾರು 60 ಡಿಗ್ರಿ ಹೊರಗೆ ಬಿಟ್ಟು, ಎದೆಯ ಕೆಳಭಾಗದ ನೇರಕ್ಕೆ ಎಳೆದರೆ ನಡುಬೆನ್ನು ಮತ್ತು ರಿಯರ್ ಡೆಲ್ಟ್ ಹಿಡಿಯುತ್ತವೆ. ಬೆಂಚ್ ಅನ್ನು 30ರಿಂದ 45 ಡಿಗ್ರಿ ಇಳಿಜಾರಿಗೆ ಇಡಿ, ಎದೆ ಬೆಂಚ್‌ನಿಂದ ಏಳಬಾರದು. ಕೆಳಗೆ ಬಂದಾಗ ಹೆಗಲ ಮೂಳೆಗಳನ್ನು ಪೂರ್ತಿ ಮುಂದಕ್ಕೆ ಜಾರಲು ಬಿಡಿ, ಮೇಲೆ ಒಂದು ಸೆಕೆಂಡ್ ಹಿಡಿದು ನಿಲ್ಲಿ. ನಿಮ್ಮ ವಿಡಿಯೊದಲ್ಲಿ 28 ಕೆಜಿ ಡಂಬೆಲ್ ಅರ್ಧ ದಾರಿ ಬಂದು ವಾಪಸ್ ಹೋಗುತ್ತಿತ್ತು. 18 ಕೆಜಿಗೆ ಇಳಿಯಿರಿ. ಭಾರ ಇಳಿಯಿತು ಅಂತ ಬೇಜಾರು ಬೇಡ, ಆ ಒಂದು ಸೆಕೆಂಡ್ ಹಿಡಿತ ಸಿಗುವ ಭಾರವೇ ನಿಮ್ಮ ಈಗಿನ ಭಾರ.

ಫೇಸ್ ಪುಲ್‌ಗೆ ಕೇಬಲ್ ಮುಖದ ಎತ್ತರಕ್ಕಿರಲಿ. ಹಗ್ಗವನ್ನು ಹಣೆಯ ಕಡೆ ಎಳೆಯುತ್ತಾ ಎರಡು ತುದಿಗಳನ್ನು ಅಗಲಿಸಿ. ಕೊನೆಯಲ್ಲಿ ಮುಷ್ಟಿ ಮೊಣಕೈಗಿಂತ ಮೇಲಿರಬೇಕು. ಮುಷ್ಟಿ ಕೆಳಗೇ ಉಳಿದರೆ ತೋಳು ಹೊರಕ್ಕೆ ತಿರುಗಿಲ್ಲ ಅಂತ ಅರ್ಥ, ಆಗ ಅದು ಸುಮ್ನೆ ಇನ್ನೊಂದು ರೋ ಆಗುತ್ತದೆ.

ಮಂಗಳವಾರ: ಕಾಲು

ನಿಮ್ಮ ಹಳೆಯ ಸ್ಕ್ವಾಟ್ ದಿನವೇ ಇರಲಿ, ಏನೂ ಬದಲಿಲ್ಲ.

ಗುರುವಾರ: ಓವರ್‌ಹೆಡ್ ಪ್ರೆಸ್

ಓವರ್‌ಹೆಡ್ ಪ್ರೆಸ್ 4 ಸೆಟ್, 6 ರೆಪ್.
ಸೀಟೆಡ್ ಕೇಬಲ್ ರೋ, ಅಗಲ ಹಿಡಿತ, 4 ಸೆಟ್, 10ರಿಂದ 12 ರೆಪ್.
ಹಗುರ ಬೆಂಚ್ ಪ್ರೆಸ್ 3 ಸೆಟ್, 8 ರೆಪ್, 65 ಕೆಜಿ ಸಾಕು.
ಇನ್‌ಕ್ಲೈನ್ ಬೆಂಚ್ ಮೇಲೆ ಬೋರಲು ಮಲಗಿ ವೈ ರೇಸ್ 2 ಸೆಟ್, 12 ರೆಪ್.

ವಾರ್ಮ್‌ಅಪ್‌ನಲ್ಲಿ ಫೋಮ್ ರೋಲರ್ ಅನ್ನು ಹೆಗಲ ಮೂಳೆಗಳ ಕೆಳಗೆ ಅಡ್ಡ ಇಟ್ಟು, ತಲೆಯನ್ನು ಕೈಯಲ್ಲಿ ಹಿಡಿದು, ನಿಧಾನಕ್ಕೆ 8 ಸಲ ಹಿಂದಕ್ಕೆ ಬಾಗಿ. ಸೊಂಟ ಬಾಗಬಾರದು, ಬೆನ್ನಿನ ಮೇಲ್ಭಾಗ ಮಾತ್ರ. ಅಲ್ಲಿ ಬಿಗಿ ಇದ್ದರೆ ಬಾರ್ ತಲೆಯ ಮೇಲೆ ನೇರವಾಗಿ ಹೋಗುವುದಿಲ್ಲ, ಆಗ ಸೊಂಟ ಬಳುಕಿ ಅದರ ಪಾಲನ್ನೂ ಹೊರುತ್ತದೆ.

ವೈ ರೇಸ್‌ಗೆ 2 ಕೆಜಿ ಡಂಬೆಲ್ ಸಾಕು. ಇದು ಕೆಳಗಿನ ಟ್ರಾಪ್‌ಗೆ. ಹೆಬ್ಬೆರಳು ಮೇಲ್ಮುಖವಾಗಿರಲಿ. ಭುಜ ಕಿವಿಯ ಕಡೆ ಏರಿದ ತಕ್ಷಣ ಸೆಟ್ ನಿಲ್ಲಿಸಿ, ಎಷ್ಟೇ ರೆಪ್ ಆಗಿದ್ದರೂ.

ಶನಿವಾರ: ಬೆನ್ನು, ಪ್ರೆಸ್ ಇಲ್ಲ

ರಿವರ್ಸ್ ಪೆಕ್ ಡೆಕ್ 4 ಸೆಟ್, 15ರಿಂದ 20 ರೆಪ್.
ಒಂದು ಕೈ ಡಂಬೆಲ್ ರೋ 3 ಸೆಟ್, 10 ರೆಪ್.
ಲ್ಯಾಟ್ ಪುಲ್‌ಡೌನ್ 3 ಸೆಟ್, 10 ರೆಪ್.
ರೊಮೇನಿಯನ್ ಡೆಡ್‌ಲಿಫ್ಟ್ 3 ಸೆಟ್, 8 ರೆಪ್.

ಇವತ್ತು ರಿಯರ್ ಡೆಲ್ಟ್ ಮೊದಲು, ಸುಸ್ತಾಗುವ ಮುಂಚೆ. ಚಿಕ್ಕ ಸ್ನಾಯು ಅದು. ಭಾರ ಜಾಸ್ತಿ ಆದರೆ ಟ್ರಾಪ್ ಕೆಲಸ ಕಿತ್ತುಕೊಳ್ಳುತ್ತದೆ, ಭುಜದ ಹಿಂದೆ ಏನೂ ಅನಿಸುವುದಿಲ್ಲ. ಇಲ್ಲಿ ಮಾತ್ರ ಹೆಗಲ ಮೂಳೆಗಳನ್ನು ಬಿಗಿಯಾಗಿ ಹಿಂಡಬೇಡಿ. ತೋಳನ್ನು ಹಿಂದಕ್ಕಲ್ಲ, ಪಕ್ಕದ ಗೋಡೆಗಳ ಕಡೆ ದೂರ ಚಾಚುವ ಹಾಗೆ ತೆರೆಯಿರಿ. ಮಷೀನ್ ಖಾಲಿ ಇಲ್ಲದಿದ್ದರೆ ಮುಂದಕ್ಕೆ ಬಾಗಿ ಡಂಬೆಲ್‌ನಲ್ಲಿ ಮಾಡಿ, ಹಣೆಯನ್ನು ಬೆಂಚ್‌ಗೆ ಒರಗಿಸಿದರೆ ಮೈ ತೂಗುವುದಿಲ್ಲ.

ಭಾರ ಏರಿಸುವುದು

ರೋಗಳಲ್ಲಿ ಎಲ್ಲ ಸೆಟ್‌ನಲ್ಲೂ ಮೇಲಿನ ರೆಪ್ ಸಂಖ್ಯೆ ಮುಟ್ಟಿದ ಮೇಲೆ ಮುಂದಿನ ವಾರ ಒಂದು ಹೆಜ್ಜೆ ಭಾರ ಏರಿಸಿ. ಕೊನೆಗೆ ಇನ್ನೆರಡು ರೆಪ್ ಉಳಿದಿರುವಾಗ ಸೆಟ್ ಮುಗಿಸಿ. ರಿಯರ್ ಡೆಲ್ಟ್‌ಗೆ ಅವಸರ ಬೇಡ. 5 ಕೆಜಿ ಡಂಬೆಲ್‌ನಿಂದ 7.5ಕ್ಕೆ ಹೋದರೆ ಒಂದೇ ಸಲ ಅರ್ಧದಷ್ಟು ಭಾರ ಏರಿದ ಹಾಗೆ. ಮೊದಲು 20 ರೆಪ್ ತಲುಪಿ, ಆಮೇಲೆ ನೋಡೋಣ. 5ನೇ ವಾರ ಎಲ್ಲದರ ಸೆಟ್ ಅರ್ಧಕ್ಕೆ ಇಳಿಸಿ. ಬೆಂಚ್ ಪ್ರೆಸ್ 80ರಿಂದ ವಾರಕ್ಕೆ 1.25 ಕೆಜಿಯಂತೆ ಏರಲಿ, 5ನೇ ವಾರ ಬಿಟ್ಟು.

ಮುಂದೆ ಬಾಗಿದ ಭುಜದ ಬಗ್ಗೆ

ನೇರವಾಗಿ ಹೇಳುತ್ತೇನೆ. ವಾರಕ್ಕೆ ಮೂರು ದಿನದ ಬೆನ್ನಿನ ವ್ಯಾಯಾಮ ದಿನಕ್ಕೆ 9 ಗಂಟೆ ಲ್ಯಾಪ್‌ಟಾಪ್ ಮುಂದೆ ಕೂರುವುದನ್ನು ಒಂಟಿಯಾಗಿ ಸರಿ ಮಾಡುವುದಿಲ್ಲ. ಹಾಗಂತ ದಿನವಿಡೀ ಎದೆ ಉಬ್ಬಿಸಿ ಭುಜ ಹಿಂದಕ್ಕೆ ಬಿಗಿದು ಕೂರಬೇಡಿ, ಕುತ್ತಿಗೆ ನೋಯುತ್ತದೆ. ಸ್ಕ್ರೀನ್ ಅನ್ನು ಕಣ್ಣಿನ ಮಟ್ಟಕ್ಕೆ ಏರಿಸಿ, ಬೇರೆ ಕೀಬೋರ್ಡ್ ಇಟ್ಟುಕೊಳ್ಳಿ, ಅರ್ಧ ಗಂಟೆಗೊಮ್ಮೆ ಭಂಗಿ ಬದಲಿಸಿ. ಬಾಗಿಲ ಚೌಕಟ್ಟಿಗೆ ಮುಂಗೈ ಒರಗಿಸಿ ಎದೆ ಸ್ಟ್ರೆಚ್, ದಿನಕ್ಕೆ ಎರಡು ಸಲ, 30 ಸೆಕೆಂಡ್.

ಎದ್ದು ಕಾಣುವ ಬದಲಾವಣೆ ಫೋಟೊದಲ್ಲಿ ತಡವಾಗಿ ಬರಬಹುದು. ಬೆಂಚ್ ಮೇಲೆ ಬಾರ್ ಇಳಿಸುವಾಗ ಬೆನ್ನು ಗಟ್ಟಿಯಾಗಿ ಕೂತಿದೆ ಅನಿಸುವುದು ಅದಕ್ಕಿಂತ ಮುಂಚೆಯೇ ಗೊತ್ತಾಗಬಹುದು.

ಭುಜದ ಹಿಂದೆ, ಹೆಗಲ ಮೂಳೆಗಳ ನಡುವೆ ಸ್ನಾಯು ನೋವು ಬಂದರೆ ಪರವಾಗಿಲ್ಲ. ಭುಜದ ಮುಂದೆ ಚುಚ್ಚಿದರೆ ಆ ವ್ಯಾಯಾಮ ಆ ದಿನ ನಿಲ್ಲಿಸಿ, ನನಗೆ ತಿಳಿಸಿ. ರಾತ್ರಿ ಮಲಗಿದಾಗ ನೋವು, ಕೈಗೆ ಜೋಮು, ಹಿಡಿತದಲ್ಲಿ ಬಲ ಕಡಿಮೆ, ಇದರಲ್ಲಿ ಒಂದು ಕಂಡರೂ ಪ್ಲಾನ್ ಪಕ್ಕಕ್ಕಿಟ್ಟು ಮೊದಲು ಡಾಕ್ಟರಿಗೆ ತೋರಿಸಿ.

ಸೋಮವಾರದ ರೋ ಮತ್ತು ಶನಿವಾರದ ಪೆಕ್ ಡೆಕ್, ಇವೆರಡರ ಕೊನೆಯ ಸೆಟ್‌ನ ವಿಡಿಯೊ ಹಿಂದಿನಿಂದ ತೆಗೆದು ಕಳಿಸಿ, ಬೆನ್ನು ಕಾಣುವ ಹಾಗೆ. ಭಾನುವಾರ ಸಂಜೆ ನೋಡಿ, ಎರಡನೇ ವಾರದ ಭಾರ ಬರೆದು ಕಳಿಸುತ್ತೇನೆ.