ಅಭಿಮನ್ಯು ಕಾಳಗ: ದೊಡ್ಡಾಟದ ಸಭಾವಂದನೆ

(ಸಿರುಗುಪ್ಪ ಸೀಮೆ, ಹನುಮಪ್ಪನ ಗುಡಿ ಮುಂದಿನ ಅಟ್ಟ. ಹಾರ್ಮೋನಿಯಂ ಕಪ್ಪು ಒಂದಕ್ಕೆ. ಬೆಳಗಿನ ತನಕ ಹಾಡಬೇಕು, ಮೇಲಿನ ಮನೆ ಹಿಡಿದರೆ ನಡುರಾತ್ರಿಗೇ ಕೊರಳು ಕಟ್ಟುತ್ತದೆ. ಇಬ್ಬನಿಗೆ ಚರ್ಮ ಸಡಿಲಾಗುವುದರಿಂದ ಮದ್ದಳೆಯನ್ನು ತೆರೆ ಸರಿಸುವ ಮುಂಚೆ ಇನ್ನೊಮ್ಮೆ ಬಿಗಿದುಕೊಳ್ಳಬೇಕು. ಕಾಯಿ ಒಡೆದ ಮೇಲೆ ಹಾಡು.)

ಹಿಮ್ಮೇಳ:
ಶರಣು ಹೊಕ್ಕೆವೊ ನಿನಗೆ ಬೆನಕಯ್ಯ, ನಮ್ಮ
ಕೊರಳ ದನಿಯೊಡೆಯದಂತೆ ಕಾಯಯ್ಯ |
ತರಳರಾಡುವ ಆಟ, ತಪ್ಪ ಹಿಡಿಯದಲೆ
ಇರುಳ ದಾಟಿಸಿ ಬೆಳಗಿಗೊಪ್ಪಿಸಯ್ಯ ||

(ಕೊನೇ ಸಾಲು ಎರಡು ಸಲ. ತಾಳ ನಿಲ್ಲಿಸದೆ ಶಾರದೆಗೆ ಹೋಗಬೇಕು. ನಿಂತರೆ ಜನ ಮಾತಿಗಿಳಿಯುತ್ತಾರೆ.)

ನಾಲಗೆಗೆ ಬಾರಮ್ಮ ತಾಯಿ ಶಾರದೆಯೆ
ಸಾಲು ಮರೆತರೆ ಮೆಲ್ಲಗೆತ್ತಿ ಕೊಡು ಪದವ |
ಕಾಲ ಗೆಜ್ಜೆಯು ಮದ್ದಳೆಯ ನುಡಿಯು ಒಂದಾಗಿ
ಮೇಲು ಪದ ಹೊಮ್ಮಲೌ ರಂಗದೊಳಗೆ ||

(ಸಾರಥಿ ಕುಣಿದು ಬಂದು, ಮೂರು ದಿಕ್ಕಿನ ಜನಕ್ಕೂ ಕೈ ಮುಗಿದು ನಿಲ್ಲುವನು.)

ಭಾಗವತ: ಭಳಿರೇ! ರಂಗಮಧ್ಯಕ್ಕೆ ಬಂದು ನಿಂತಂಥವನು ನೀ ಧಾರು?

ಸಾರಥಿ: ಧಾರೆಂದು ಕೇಳ್ತೀರಾ ಭಾಗವತರೇ? ಈ ಸಭೆಯ ಸೇವಕ, ಸಾರಥಿ ಅಂತಾರ ನನಗ.

ಭಾಗವತ: ಬಂದ ಕಾರಣ?

ಸಾರಥಿ: ಮೊದಲು ಶರಣು, ಆಮ್ಯಾಲೆ ಕಾರಣ.

(ಇಲ್ಲಿಂದ ಮದ್ದಳೆ ಪೂರಾ ನಿಲ್ಲಬೇಕು. ಊರ ದೇವರ ಹೆಸರೇ ಮೊದಲು. ಅದು ತಪ್ಪಿದರೆ ಮುಂದೆ ಕುಂತ ಹಿರಿಯರು ಎದ್ದು ಕೇಳುತ್ತಾರೆ, ಕೇಳಲೇಬೇಕು.)

ಸಾರಥಿ: ಈ ಊರ ಹನುಮಪ್ಪಗ ಶರಣು. ಹಂಪಿ ವಿರೂಪಾಕ್ಷಗ, ಕುರುಗೋಡು ದೊಡ್ಡಬಸವಗ, ಹುಲಿಗೆಮ್ಮ ತಾಯಿಗೆ, ಕೊಪ್ಪಳದ ಗವಿಸಿದ್ಧಪ್ಪಗ ಶರಣು. ಗದ್ದಿಗೆ ನೀರು ಕೊಟ್ಟ ತುಂಗಭದ್ರವ್ವಗ ಶರಣು.
ಭತ್ತ ರಾಶಿ ಮಾಡಿ, ಮೈನೋವು ಮರೆತು ಬಂದ ಅಣ್ಣಗಳಿರಾ, ಶರಣು! ಕೂಸಿನ್ನ ಮಡಲಾಗ ಮಲಗಿಸಿಕೊಂಡು ಕುಂತ ಅವ್ವಗಳಿರಾ, ಶರಣು! ಟ್ರ್ಯಾಕ್ಟರ್ ಕಟ್ಟಿಕೊಂಡು ನೆರೆಯೂರಿಂದ ಬಂದ ಬೀಗರಿಗೆ ಶರಣು. ನಿಮ್ಮೊಳಗ ಹಳೇ ಆಟಗಾರರದೀರಿ, ನಮ್ಮ ಹೆಜ್ಜಿ ನೋಡಿದ ಕೂಡ್ಲೆ ತಪ್ಪು ಗೊತ್ತಾಗತೈತಿ ನಿಮಗ. ತಿದ್ರಿ, ಆಶೀರ್ವಾದ ಮಾಡ್ರಿ. ಅಟ್ಟದ ಅಂಚಿಗೆ ಒರಗಿದ ಮಕ್ಕಳಿರಾ, ಒಂದು ಮೊಳ ಹಿಂದಕ್ಕ ಸರೀರಿ. ವೀರರು ಕುಣಿಯುವಾಗ ಹಲಗಿ ಅದರ್ತಾವ, ಗದೆ ಬೀಸ್ತಾರ.

ಭಾಗವತ: ಇಂದಿನ ಕಥೆ ಯಾವುದಯ್ಯಾ?

ಸಾರಥಿ: ಅಭಿಮನ್ಯು ಕಾಳಗ, ಸ್ವಾಮಿ! ಕುರುಕ್ಷೇತ್ರದ ಹದಿಮೂರನೇ ದಿನ. ಸಂಶಪ್ತಕರು ಅರ್ಜುನನ್ನ ದೂರ ಸೆಳಕೊಂಡು ಹೋಗ್ಯಾರ. ದ್ರೋಣ ಚಕ್ರವ್ಯೂಹ ಕಟ್ಯಾನ. ಹೊಗೋದು ಬಲ್ಲ, ಹೊರಗ ಬರೋದು ತಿಳಿಯದ ಸುಭದ್ರೆಯ ಮಗ ಬಿಲ್ಲು ಹಿಡಿದಾನ. ಬೆನ್ನಿಗೆ ಹೋದವರನ್ನ ಸೈಂಧವ ಬಾಗಿಲಲ್ಲೇ ತಡೀತಾನ. ಹುಡುಗ ಒಳಗ ಒಬ್ಬನೇ!

(ಒಂದು ಉಸಿರು ಬಿಟ್ಟು ಮುಂದಿನ ಮಾತು. ಅವ್ವಗಳು ಸೆರಗು ಕಣ್ಣಿಗೆ ಒತ್ತುವುದು ಇಲ್ಲೇ ಶುರು, ಅವಸರ ಬೇಡ.)

ಭಾಗವತ: ಮೊದಲು ಬರುವವರು?

ಸಾರಥಿ: ಕೌರವೇಶ್ವರ ದುರ್ಯೋಧನ ಭೂಪತಿ! ದಾರಿ ಬಿಡ್ರಿ, ತೆರೆ ಹಿಡೀರಿ. ಹೊಡಿಯಪ್ಪಾ ಮದ್ದಳೆ!

(ತೆರೆಯ ಹಿಂದಿನಿಂದ ಗೆಜ್ಜೆ. ಕಿರೀಟ ಕಂಡ ಮೇಲೆ ಪದ.)